ಈ ಸಲ ತೆರಿಗೆ ಯಾಕೆ ಜಾಸ್ತಿ? ಆಡಿಟರ್ ಕೊಟ್ಟ ಲೆಕ್ಕ

ಹೋದ ವರ್ಷ ರಿಟರ್ನ್ ಹಾಕುವಾಗ ಒಂದು ರೂಪಾಯಿಯೂ ಕಟ್ಟಿರಲಿಲ್ಲ, ಈ ಸಲ ಇಷ್ಟೊಂದು ಯಾಕೆ? ಜುಲೈ ಬಂದರೆ ಆಡಿಟರುಗಳು ಪದೇ ಪದೇ ಕೇಳುವ ಮಾತಿದು. 12 ಲಕ್ಷದವರೆಗೆ ತೆರಿಗೆಯೇ ಇಲ್ಲ ಎಂದು ಬಜೆಟ್‌ನಲ್ಲಿ ಕೇಳಿದವರಿಗಂತೂ ಇದು ಒಗಟೇ ಸರಿ. 2025-26ರಲ್ಲಿ, ವರ್ಷದ ನಡುವೆ ಕೆಲಸ ಬದಲಿಸಿದ ಬೆಂಗಳೂರಿನ ಉದ್ಯೋಗಿಯೊಬ್ಬರಿಗೆ ಅವರ ಆಡಿಟರ್ ಬರೆಯಬಹುದಾದ ಪತ್ರ ಇಲ್ಲಿದೆ. ಅಂಕಿಗಳು ಉದಾಹರಣೆಗಾಗಿ, ನಿಯಮಗಳು ಹೊಸ ತೆರಿಗೆ ಪದ್ಧತಿಯವು.

ನಮಸ್ಕಾರ ಮೇಡಂ,

ನಿಮ್ಮ ಎರಡೂ ಫಾರಂ 16 ನೋಡಿದೆ. ಸೆಪ್ಟೆಂಬರ್‌ವರೆಗೆ ಹಳೆಯ ಕಂಪನಿಯಲ್ಲಿ ತಿಂಗಳಿಗೆ 1 ಲಕ್ಷದಂತೆ 6 ಲಕ್ಷ ಬಂದಿದೆ. ಅಕ್ಟೋಬರ್‌ನಿಂದ ಹೊಸ ಕಂಪನಿಯಲ್ಲಿ 1.2 ಲಕ್ಷದಂತೆ 7.2 ಲಕ್ಷ. ಹಳೆಯ ಕಂಪನಿ ನಿಮ್ಮ ವರ್ಷದ ಸಂಬಳ 12 ಲಕ್ಷ ಎಂದು ಅಂದಾಜಿಸಿ, ತೆರಿಗೆ ಬರುವುದಿಲ್ಲವೆಂದು ಟಿಡಿಎಸ್ ಹಿಡಿಯಲಿಲ್ಲ. ಹೊಸ ಕಂಪನಿಗೆ ಹಿಂದಿನ ಸಂಬಳದ ವಿವರವನ್ನು ನೀವು ಕೊಟ್ಟಿರಲಿಲ್ಲ. ಅವರು ತಮ್ಮ 7.2 ಲಕ್ಷವನ್ನಷ್ಟೇ ನೋಡಿ ಸುಮ್ಮನಾದರು. 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಅನ್ನು ಇಬ್ಬರೂ ಕೊಟ್ಟಿದ್ದಾರೆ. ನಿಮಗೆ ಸಿಗುವುದು ಒಂದೇ ಸಲ.

ಎರಡನ್ನೂ ಕೂಡಿಸಿದರೆ 13.2 ಲಕ್ಷ. ಡಿಡಕ್ಷನ್ ಕಳೆದರೆ 12.45 ಲಕ್ಷ. ಇದರ ಮೇಲೆ ಎಫ್‌ಡಿ ಬಡ್ಡಿ 30,000 ಸೇರಿ ಒಟ್ಟು ಆದಾಯ 12.75 ಲಕ್ಷ. ಬಡ್ಡಿ 50,000 ದಾಟದ್ದರಿಂದ ಬ್ಯಾಂಕೂ ಟಿಡಿಎಸ್ ಹಿಡಿದಿಲ್ಲ.

12 ಲಕ್ಷದವರೆಗೆ ತೆರಿಗೆ ಇಲ್ಲ ಎಂಬ ಮಾತು ನಿಜ, ಆದರೆ ಅದಕ್ಕೊಂದು ಷರತ್ತಿದೆ. ಸ್ಲ್ಯಾಬ್ ಪ್ರಕಾರ 12 ಲಕ್ಷಕ್ಕೆ 60,000 ತೆರಿಗೆ ಬರುತ್ತದೆ, ಅದನ್ನು ರಿಯಾಯಿತಿ ಎಂದು ಬಿಟ್ಟುಕೊಡುತ್ತಾರೆ. ಆದಾಯ 12 ಲಕ್ಷ ದಾಟಿತೋ, ಆ ರಿಯಾಯಿತಿ ಹೋಗುತ್ತದೆ. ಒಂದೇ ಏಟಿಗೆ ಹೊರೆ ಬೀಳದಿರಲೆಂದು, ತೆರಿಗೆಯು 12 ಲಕ್ಷದ ಮೇಲಿನ ಮೊತ್ತವನ್ನು ಮೀರಬಾರದು ಎಂಬ ಮಿತಿ ಇಟ್ಟಿದ್ದಾರೆ. ಸುಮಾರು 12.70 ಲಕ್ಷದವರೆಗೆ ಈ ಮಿತಿ ನೆರವಿಗೆ ಬರುತ್ತದೆ, ಆಮೇಲೆ ಮಾಮೂಲಿ ಸ್ಲ್ಯಾಬ್.

ಬರೀ ಸಂಬಳ ಇದ್ದಿದ್ದರೆ 12 ಲಕ್ಷದ ಮೇಲಿನ 45,000ವೇ ನಿಮ್ಮ ತೆರಿಗೆ, ಶೇ 4 ಸೆಸ್ ಸೇರಿ 46,800. ಎಫ್‌ಡಿ ಬಡ್ಡಿ ಕೂಡಿದ ಮೇಲೆ ಸ್ಲ್ಯಾಬ್ ಪ್ರಕಾರ 71,250, ಸೆಸ್ ಸೇರಿ 74,100. ಅಂದರೆ 30,000 ಬಡ್ಡಿಯಲ್ಲಿ 27,300 ತೆರಿಗೆಗೇ ಹೋಯಿತು.

ಹೋದ ವರ್ಷ ತೆರಿಗೆ ಇರಲಿಲ್ಲ ಎಂದಿರಿ. ಇತ್ತು. ಆಗಿನ 11 ಲಕ್ಷ ಸಂಬಳಕ್ಕೆ 55,900 ರೂಪಾಯಿಯನ್ನು ಕಂಪನಿಯೇ ತಿಂಗಳು ತಿಂಗಳು ಹಿಡಿದು ಕಟ್ಟಿತ್ತು, ಹಾಗಾಗಿ ರಿಟರ್ನ್ ಹಾಕುವಾಗ ಬಾಕಿ ಉಳಿಯಲಿಲ್ಲ. ನಿಜವಾಗಿ ಹೆಚ್ಚಾದದ್ದು 18,200. ಈ ಸಲ ಪೂರ್ತಿ ಮೊತ್ತ ಒಮ್ಮೆಲೇ ಬಂದದ್ದರಿಂದ ಭಾರ ಅನಿಸುತ್ತಿದೆ.

ಇದರ ಜೊತೆಗೆ ಬಡ್ಡಿಯೂ ಇದೆ. ಟಿಡಿಎಸ್ ಕಳೆದ ಮೇಲೆ 10,000 ಅಥವಾ ಅದಕ್ಕಿಂತ ಹೆಚ್ಚು ಬಾಕಿ ಇದ್ದರೆ ಅದನ್ನು ಆಯಾ ವರ್ಷದಲ್ಲೇ ಮುಂಗಡ ತೆರಿಗೆಯಾಗಿ, ಜೂನ್‌ನಿಂದ ಮಾರ್ಚ್ 15ರೊಳಗೆ ನಾಲ್ಕು ಕಂತಿನಲ್ಲಿ ಕಟ್ಟಬೇಕು. ಕಂತು ತಪ್ಪಿದ್ದಕ್ಕೆ 234ಸಿ ಪ್ರಕಾರ 3,738, ಏಪ್ರಿಲ್‌ನಿಂದ ಜುಲೈವರೆಗಿನ ನಾಲ್ಕು ತಿಂಗಳಿಗೆ 234ಬಿ ಪ್ರಕಾರ 2,964 ಬೀಳುತ್ತದೆ. ಒಟ್ಟು 80,802. ತಿಂಗಳು ಬದಲಾದರೆ ಇನ್ನೊಂದು ಶೇಕಡಾ ಸೇರುತ್ತದೆ, ಆದ್ದರಿಂದ ಜುಲೈ ಮುಗಿಯುವ ಮುನ್ನ ಕಟ್ಟಿಬಿಡಿ.

ಎಫ್‌ಡಿ ಬಡ್ಡಿ ತೋರಿಸದೆ ಬಿಡೋಣವೇ ಎಂದು ಕೇಳಿದ್ದಿರಿ. ಬೇಡ. ಬ್ಯಾಂಕ್ ಕೊಟ್ಟ ಮಾಹಿತಿ ಇಲಾಖೆಯ ಎಐಎಸ್‌ನಲ್ಲಿ ನಿಮ್ಮ ಪ್ಯಾನ್ ಎದುರು ಆಗಲೇ ಕಾಣುತ್ತಿದೆ.

ಇತಿ, ನಿಮ್ಮ ಆಡಿಟರ್

ಇಲ್ಲಿ ಯಾವ ಕಂಪನಿಯೂ ಲೆಕ್ಕ ತಪ್ಪಿಲ್ಲ, ತೆರಿಗೆ ದರವೂ ಏರಿಲ್ಲ. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಅಷ್ಟೇ. ಹಳೆಯ ಸಂಬಳದ ವಿವರವನ್ನು 12ಬಿ ನಮೂನೆಯಲ್ಲಿ ಹೊಸ ಕಂಪನಿಗೆ ಕೊಟ್ಟಿದ್ದರೆ, ಸಂಬಳದ ಮೇಲಿನ ತೆರಿಗೆಯನ್ನು ಅವರೇ ಮಾರ್ಚ್‌ವರೆಗೆ ಹಂಚಿ ಹಿಡಿಯುತ್ತಿದ್ದರು. ತೆರಿಗೆ ಕಡಿಮೆಯಾಗುತ್ತಿರಲಿಲ್ಲ, ಬಡ್ಡಿಯ ಬಹುಪಾಲು ಉಳಿಯುತ್ತಿತ್ತು. ನೀವೂ ಕೆಲಸ ಬದಲಿಸಿದ್ದರೆ ಹೊಸ ಕಂಪನಿಯ ಮೊದಲ ಪೇಸ್ಲಿಪ್‌ನಲ್ಲಿ ಟಿಡಿಎಸ್ ಕಾಲಂ ನೋಡಿ. ಸಂಬಳ ಏರಿಯೂ ಅಲ್ಲಿ ಸೊನ್ನೆ ಇದ್ದರೆ, ಅದೇ ದಿನ ಎಚ್‌ಆರ್ ಅವರನ್ನು ವಿಚಾರಿಸಿ.