ಕಲ್ಲಡ್ಕದಲ್ಲಿ ಹೊಸ ಭಾಷೆ ಏಕೆ ಹುಟ್ಟಲಿಲ್ಲ?

ಬಿ.ಸಿ. ರೋಡ್ ದಾಟಿ ಬೆಂಗಳೂರಿನ ಕಡೆ ಹೊರಟರೆ ಸಿಗುವ ಕಲ್ಲಡ್ಕದ ಪೇಟೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಹವ್ಯಕರ ಕನ್ನಡ ಎಲ್ಲವೂ ಕಿವಿಗೆ ಬೀಳುತ್ತವೆ. ಮನೆಯಲ್ಲೊಂದು ಮಾತು, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಪುಸ್ತಕದ ಕನ್ನಡ. ಇಷ್ಟೊಂದು ಭಾಷೆಗಳು ತಲೆಮಾರುಗಳಿಂದ ಒಟ್ಟಿಗಿದ್ದರೂ ಇಲ್ಲಿ ಅವೆಲ್ಲ ಕಲಸಿ ಹೊಸದೊಂದು ಭಾಷೆ ಹುಟ್ಟಲಿಲ್ಲ. ಆದರೆ ಇದೇ ಕರಾವಳಿಯಲ್ಲಿ, ಹೆಚ್ಚು ದೂರವಿಲ್ಲದ ಮಂಗಳೂರಿನಲ್ಲಿ, ಹಿಂದೊಮ್ಮೆ ಅಂಥದ್ದೊಂದು ಭಾಷೆ ಇತ್ತು. ಆಸ್ಟ್ರಿಯಾದ ಗ್ರಾಜ್ ನಗರದ ವಿದ್ವಾಂಸ ಹ್ಯೂಗೋ ಶುಖಾರ್ಟ್ 1883ರಲ್ಲಿ ಮಂಗಳೂರಿನ ಇಂಡೋ-ಪೋರ್ಚುಗೀಸ್ ಮಾತಿನ ಬಗ್ಗೆಯೇ ಒಂದು ಲೇಖನ ಪ್ರಕಟಿಸಿದರು. ಕ್ರಿಯೋಲ್ ಭಾಷೆಗಳ ಅಧ್ಯಯನಕ್ಕೆ ತಳಪಾಯ ಹಾಕಿದ ಬರಹಗಳ ಸಾಲಿನಲ್ಲಿ ಅದೂ ಒಂದು. ಮಂಗಳೂರಿನಲ್ಲಿ ಆದದ್ದು ಕಲ್ಲಡ್ಕದಲ್ಲಿ ಏಕೆ ಆಗಲಿಲ್ಲ ಎಂದು ಕೇಳಿದರೆ, ವ್ಯಾಕರಣ ಎಂಬುದು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೂ ಉತ್ತರದ ದಾರಿ ತೆರೆಯುತ್ತದೆ.

ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದ ಜನ ವ್ಯಾಪಾರಕ್ಕೋ ದುಡಿಮೆಗೋ ಒಂದೆಡೆ ಸೇರಿದಾಗ ಕೈಗೆ ಸಿಕ್ಕ ಪದಗಳಿಂದ ಕೆಲಸ ನಡೆಸುತ್ತಾರೆ. ಆ ಮಾತಿನಲ್ಲಿ ಕಾಲ, ಲಿಂಗ, ವಚನಗಳ ಪ್ರತ್ಯಯಗಳು ಬಹುತೇಕ ಉದುರಿರುತ್ತವೆ, ಪದಗಳ ಕ್ರಮ ಆಡುವವರಿಂದ ಆಡುವವರಿಗೆ ಬದಲಾಗುತ್ತದೆ. ಇದು ಪಿಜಿನ್, ಯಾರ ತಾಯ್ನುಡಿಯೂ ಅಲ್ಲ. ಇಂಥ ಮಾತು ಒಂದು ಸಮುದಾಯದ ಮಕ್ಕಳ ಮೊದಲ ಭಾಷೆಯಾಗಿ, ನೆಲೆಯಾದ ನಿಯಮಗಳನ್ನು ಪಡೆದಾಗ ಕ್ರಿಯೋಲ್ ಎನಿಸುತ್ತದೆ. ನಮ್ಮ ಪಶ್ಚಿಮ ಕರಾವಳಿಯ ಪೋರ್ಚುಗೀಸ್ ಕ್ರಿಯೋಲ್‌ಗಳಲ್ಲಿ ಇದನ್ನು ಸ್ಪಷ್ಟವಾಗಿ ಕಾಣಬಹುದು. ಪೋರ್ಚುಗೀಸ್ ಕ್ರಿಯಾಪದ ಕಾಲಕ್ಕೂ ಪುರುಷಕ್ಕೂ ತಕ್ಕಂತೆ ಹತ್ತಾರು ರೂಪ ತಾಳುತ್ತದೆ. ಕ್ರಿಯೋಲ್‌ನಲ್ಲಿ ಆ ರೂಪಗಳ ಬಹುಭಾಗ ಹೋಯಿತು. ಬದಲಿಗೆ ‘ಆಗಲೇ’ ಎಂಬ ಅರ್ಥದ ‘ಜಾ’ ಭೂತಕಾಲದ ಗುರುತಾಯಿತು. ‘ಇನ್ನೇನು, ಬೇಗ’ ಎಂಬ ಅರ್ಥದ ‘ಲೊಗೊ’ ಸವೆದು ‘ಲೊ’ ಎಂದಾಗಿ ಭವಿಷ್ಯತ್ತಿನ ಗುರುತಾಯಿತು. ಎರಡೂ ಕ್ರಿಯಾಪದಕ್ಕಿಂತ ಮೊದಲೇ ಕೂರಬೇಕು ಎಂಬ ನಿಯಮವೂ ಬಂತು. ಸಾಮಾನ್ಯ ಪದವೊಂದು ವ್ಯಾಕರಣದ ಅಂಗವಾಗುವುದೆಂದರೆ ಇದೇ.

ಈ ಕೆಲಸದಲ್ಲಿ ಮಕ್ಕಳ ಪಾತ್ರವೆಷ್ಟು ಎಂಬುದನ್ನು ಹಳೆಯ ಕ್ರಿಯೋಲ್‌ಗಳಿಂದ ಹೇಳುವುದು ಕಷ್ಟ, ಏಕೆಂದರೆ ಅವು ಹುಟ್ಟುವಾಗ ಗಮನಿಸಿ ಬರೆದಿಟ್ಟವರಿಲ್ಲ. ಗಮನಿಸುವ ಅವಕಾಶ ಸಿಕ್ಕಿದ್ದು ಮಧ್ಯ ಅಮೆರಿಕದ ನಿಕರಾಗುವಾದಲ್ಲಿ. 1970ರ ದಶಕದವರೆಗೆ ಅಲ್ಲಿನ ಕಿವುಡ ಮಕ್ಕಳು ತಮ್ಮ ತಮ್ಮ ಮನೆಗಳಲ್ಲಿ ಒಂಟಿಯಾಗಿದ್ದರು. ಮನೆಯವರೊಂದಿಗೆ ನಡೆಸುವ ಕೈಸನ್ನೆಯೇ ಅವರ ಮಾತು. 1977ರಲ್ಲಿ ರಾಜಧಾನಿ ಮನಾಗುವಾದಲ್ಲಿ ವಿಶೇಷ ಶಾಲೆ ತೆರೆದಾಗ ಅವರು ಮೊದಲ ಬಾರಿಗೆ ಒಟ್ಟಾದರು. ಶಿಕ್ಷಕರು ಕಲಿಸಹೊರಟಿದ್ದು ತುಟಿ ನೋಡಿ ಸ್ಪ್ಯಾನಿಷ್ ಅರಿಯುವುದನ್ನು. ಸನ್ನೆ ಭಾಷೆಯನ್ನು ಯಾರೂ ಕಲಿಸಲಿಲ್ಲ. ಆದರೂ ಆಟದ ಬಯಲಲ್ಲಿ, ಬಸ್ಸಿನಲ್ಲಿ ಮಕ್ಕಳ ಮನೆಸನ್ನೆಗಳು ಬೆರೆತು ಒಂದು ಸಾಮಾನ್ಯ ಸನ್ನೆಮಾತು ಮೂಡಿತು. ಮುಂದಿನ ವರ್ಷಗಳಲ್ಲಿ ಸೇರಿದ ಪುಟ್ಟ ಮಕ್ಕಳು ದೊಡ್ಡವರಿಂದ ಅದನ್ನು ಕಲಿತರು. ಆದರೆ ಕಂಡಷ್ಟನ್ನೇ ಕಲಿಯಲಿಲ್ಲ.

ಆನ್ ಸೆಂಗಾಸ್, ಸೊಟಾರೊ ಕಿಟಾ ಮತ್ತು ಅಸ್ಲಿ ಓಜ್ಯುರೆಕ್ 2004ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ತೋರಿಸುತ್ತದೆ. ಬೆಕ್ಕೊಂದು ಚೆಂಡು ನುಂಗಿ ಇಳಿಜಾರು ಬೀದಿಯಲ್ಲಿ ಉರುಳಿಕೊಂಡು ಹೋಗುವ ಕಾರ್ಟೂನ್ ತೋರಿಸಿ ಅದನ್ನು ವಿವರಿಸಲು ಹೇಳಿದರು. ಕಿವಿ ಕೇಳುವ ಸ್ಪ್ಯಾನಿಷ್ ಭಾಷಿಕರು ಮಾತಿನ ಜೊತೆಗೆ ಕೈಯನ್ನು ಸುತ್ತಿಸುತ್ತಲೇ ಕೆಳಗಿಳಿಸಿದರು. ಉರುಳುವುದೂ ಇಳಿಯುವುದೂ ಒಂದೇ ಚಲನೆಯಲ್ಲಿ. ಶಾಲೆಯ ಮೊದಲ ತಂಡದವರೂ ಹೆಚ್ಚಾಗಿ ಹಾಗೆಯೇ ಮಾಡಿದರು. ಚಿಕ್ಕಂದಿನಲ್ಲೇ ಬಂದು ಸೇರಿದ ನಂತರದ ತಂಡಗಳವರು ಮಾತ್ರ ‘ಉರುಳು’, ‘ಇಳಿ’ ಎಂದು ಎರಡು ಬೇರೆ ಸನ್ನೆಗಳನ್ನು ಒಂದರ ಹಿಂದೊಂದು ಜೋಡಿಸಿದರು. ಕಣ್ಣಿಗೆ ಒಂದಾಗಿ ಕಾಣುವ ಘಟನೆಯನ್ನು ಅವರು ತುಂಡುಗಳಾಗಿ ಬಿಡಿಸಿದ್ದರು. ತುಂಡು ಬೇರೆಯಾದರೆ ‘ಉರುಳಿ ಹತ್ತು’ ಎಂದೂ ‘ಜಾರಿ ಇಳಿ’ ಎಂದೂ ಜೋಡಿಸಬಹುದು. ಬಿಡಿಸುವುದು, ಜೋಡಿಸುವುದು, ಇದು ವ್ಯಾಕರಣದ ಮೂಲ ಕೆಲಸ. ಹಿರಿಯ ತಂಡದವರು ದೊಡ್ಡವರಾದ ಮೇಲೂ ಹೆಚ್ಚಾಗಿ ತಮ್ಮ ಹಳೆಯ ರೀತಿಯಲ್ಲೇ ಉಳಿದರು. ಹೊಸ ರೀತಿ ಕಿರಿಯರದ್ದಾಯಿತು.

ಹಾಗಾದರೆ ದೊಡ್ಡವರು ಏನನ್ನೂ ಕಟ್ಟುವುದಿಲ್ಲವೇ ಎಂದು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿದೆ. ಡೆರೆಕ್ ಬಿಕರ್ಟನ್ 1981ರಲ್ಲಿ, ಮಕ್ಕಳು ಹುಟ್ಟಿನಿಂದ ತಂದ ಒಂದು ನಕ್ಷೆಯಿಂದಲೇ ಕ್ರಿಯೋಲ್‌ನ ವ್ಯಾಕರಣ ಬರುತ್ತದೆ ಎಂದು ವಾದಿಸಿದರು. ಪಪುವಾ ನ್ಯೂಗಿನಿಯ ಟೋಕ್ ಪಿಸಿನ್ ಆ ವಾದವನ್ನು ತಿದ್ದುತ್ತದೆ. ಅಲ್ಲಿ ‘ಸ್ವಲ್ಪ ಹೊತ್ತಿಗೆ’ ಎಂಬರ್ಥದ ‘ಬೈಂಬೈ’ ಸವೆದು ‘ಬೈ’ ಎಂಬ ಭವಿಷ್ಯತ್ತಿನ ಗುರುತಾಗಿದೆ. ಟೋಕ್ ಪಿಸಿನ್ ಅನ್ನು ತಾಯ್ನುಡಿಯಾಗಿ ಆಡುವ ಮಕ್ಕಳನ್ನು ಅವರ ಹೆತ್ತವರೊಂದಿಗೆ ಹೋಲಿಸಿದ ಗಿಲಿಯನ್ ಸ್ಯಾಂಕಾಫ್ ಮತ್ತು ಸುಜಾನ್ ಲಬರ್ಜ್, ಈ ಬದಲಾವಣೆಯನ್ನು ಮೊದಲು ಮಾಡಿದವರು ಹೆತ್ತವರೇ ಎಂದು ಕಂಡರು. ಮಕ್ಕಳು ಅದನ್ನು ಇನ್ನಷ್ಟು ಮೊಟಕುಗೊಳಿಸಿ, ಒತ್ತು ಕಳೆದು, ಕ್ರಿಯಾಪದಕ್ಕೆ ಅಂಟಿಸಿಬಿಟ್ಟಿದ್ದರು. ಆದ್ದರಿಂದ ಸರಿಯಾದ ಮಾತು ಇದು: ಪದ ಒದಗಿಸುವುದು, ದಾರಿ ತೋರುವುದು ಹಿರಿಯರಿಂದಲೂ ಆಗುತ್ತದೆ, ಆಗೊಮ್ಮೆ ಈಗೊಮ್ಮೆ ಆಗುವುದನ್ನು ತಪ್ಪದ ನಿಯಮವಾಗಿಸುವುದು ಮಕ್ಕಳಿಂದ.

ಈಗ ಕಲ್ಲಡ್ಕಕ್ಕೆ ಬರೋಣ. ನಿಯಮ ಕಟ್ಟುವ ಶಕ್ತಿ ಇಲ್ಲಿನ ಮಕ್ಕಳಲ್ಲೂ ಇದೆ. ಆದರೆ ಪಿಜಿನ್ ಹುಟ್ಟಿಸುವಂಥ ಭಾಷೆಯ ಕೊರತೆ ಇಲ್ಲಿಲ್ಲ. ತುಳುವಾಗಲಿ ಬ್ಯಾರಿಯಾಗಲಿ ಕೊಂಕಣಿಯಾಗಲಿ ಮಗುವಿಗೆ ಸಿಗುವುದು ಪೂರ್ಣ ಭಾಷೆ, ಅದನ್ನು ನಿರರ್ಗಳವಾಗಿ ಆಡುವ ಹಿರಿಯರಿಂದ. ಕಟ್ಟಬೇಕಾದ ಅಗತ್ಯವಿಲ್ಲದಾಗ ಮಕ್ಕಳು ಇದ್ದದ್ದನ್ನೇ ಕಲಿಯುತ್ತಾರೆ, ಎರಡು ಮೂರನ್ನು ಒಟ್ಟಿಗೇ ಕಲಿಯುತ್ತಾರೆ. ಅಂಥಲ್ಲಿ ಭಾಷೆಗಳು ಒಂದಕ್ಕೊಂದು ಹತ್ತಿರ ಸರಿಯುತ್ತವೆ. ಈ ಕಡೆಯ ಕನ್ನಡದಲ್ಲಿ ‘ನನಗೆ ಹೋಗ್ಲಿಕ್ಕುಂಟು’ ಎನ್ನುತ್ತಾರೆ. ತುಳುವಿನಲ್ಲಿ ‘ಎಂಕ್ ಪೋವರೆ ಉಂಡು’, ಕೊಂಕಣಿಯಲ್ಲಿ ‘ಮ್ಹಾಕಾ ವಚೊಂಕ್ ಆಸಾ’. ಪದಗಳು ಬೇರೆ ಬೇರೆ, ಅಚ್ಚು ಒಂದೇ. ಬೆಳಗಾವಿಯ ಗಡಿಯಾಚೆ, ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಇದು ಇನ್ನೂ ಮುಂದೆ ಹೋಗಿದ್ದನ್ನು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ದಾಖಲಿಸಿದರು. ಅಲ್ಲಿನ ಕನ್ನಡ, ಮರಾಠಿ, ಉರ್ದು ವಾಕ್ಯಗಳನ್ನು ಪದಕ್ಕೆ ಪದ ಬದಲಿಸುತ್ತ ಹೋಗಬಹುದಿತ್ತು. ಆದರೂ ಮೂರೂ ಭಾಷೆಗಳು ಮೂರಾಗಿಯೇ ಇದ್ದವು.

ಬ್ಯಾರಿಯನ್ನು ‘ಕಲಬೆರಕೆ ಮಾತು’ ಎಂದು ತಳ್ಳಿಹಾಕುವವರಿಗೂ ಇದೇ ಉತ್ತರ. ಅದರಲ್ಲಿ ಅರಬ್ಬಿ ಪದಗಳಿವೆ, ತುಳುವಿನ ಛಾಯೆಯಿದೆ. ಆದರೆ ಅದರ ವ್ಯಾಕರಣ ಮಲಯಾಳದೊಂದಿಗೆ ನಂಟುಳ್ಳ ದ್ರಾವಿಡ ವ್ಯಾಕರಣ, ತಲೆಮಾರಿನಿಂದ ತಲೆಮಾರಿಗೆ ಕಡಿಯದೆ ಬಂದದ್ದು. ಪದ ಸಾಲ ತಂದ ಮಾತ್ರಕ್ಕೆ ಯಾವ ಭಾಷೆಯೂ ಪಿಜಿನ್ ಆಗುವುದಿಲ್ಲ. ಕ್ರಿಯೋಲ್ ಆದ ಮಾತೂ ಅರೆಭಾಷೆಯಲ್ಲ. ಕೊಚ್ಚಿಯ ಪೋರ್ಚುಗೀಸ್ ಕ್ರಿಯೋಲ್ ಆಡುತ್ತಿದ್ದ ಕೊನೆಯ ವ್ಯಕ್ತಿ ವಿಲಿಯಂ ರೊಸಾರಿಯೊ 2010ರಲ್ಲಿ ತೀರಿಕೊಂಡಾಗ ಹೋದದ್ದು ನಿಯಮಬದ್ಧವಾದ ಒಂದು ಇಡೀ ಭಾಷೆ.

ಆದ್ದರಿಂದ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂದು ಮಗುವಿನ ಭಾಷೆ ಕೆಡುವ ಭಯ ಬೇಡ. ಭಯಪಡಬೇಕಾದ ಸ್ಥಿತಿ ಬೇರೆಯೇ ಇದೆ: ಬಂಟ್ವಾಳ, ಬೆಳ್ತಂಗಡಿಯ ಒಳಹಳ್ಳಿಯಲ್ಲಿ ಸನ್ನೆ ಬಲ್ಲ ಜೊತೆಗಾರರಿಲ್ಲದೆ ಬೆಳೆಯುವ ಕಿವುಡ ಮಗು 1977ಕ್ಕಿಂತ ಮೊದಲಿನ ನಿಕರಾಗುವಾದ ಮಗುವಿನ ಹಾಗೆಯೇ ಒಂಟಿ. ಅದಕ್ಕೆ ಹೊಸ ಭಾಷೆ ಕಟ್ಟುವ ಹೊರೆಯೂ ಬೇಕಿಲ್ಲ, ಭಾರತೀಯ ಸನ್ನೆ ಭಾಷೆ ಸಿದ್ಧವಿದೆ. ಈ ಭಾಷೆಗಾಗಿಯೇ ಇರುವ ದೆಹಲಿಯ ರಾಷ್ಟ್ರೀಯ ಕೇಂದ್ರ 10,000 ಪದಗಳ ಸನ್ನೆ ನಿಘಂಟನ್ನೂ ಹೊರತಂದಿದೆ. ಮಗುವಿಗೆ ಕಿವಿ ಕೇಳದೆಂದು ತಿಳಿದೊಡನೆ, ಶಾಲೆಗೆ ಸೇರುವ ವಯಸ್ಸಿಗೆ ಕಾಯದೆ, ಸನ್ನೆ ಬಲ್ಲವರ ಮತ್ತು ಅದೇ ವಯಸ್ಸಿನ ಕಿವುಡ ಮಕ್ಕಳ ಜೊತೆ ಸೇರಿಸಿ. ಹೆತ್ತವರೂ ಸನ್ನೆ ಕಲಿಯಿರಿ. ವ್ಯಾಕರಣ ಕಟ್ಟುವ ಶಕ್ತಿ ಮಗುವಿನಲ್ಲಿದೆ. ಒಡನಾಟ ಒದಗಿಸುವುದು ನಮ್ಮ ಕೆಲಸ.