ಆ್ಯಪ್ ಹೋಯಿತು, ಚಂದಾ ಉಳಿಯಿತು

ಬ್ಯಾಂಕಿನ ಎಸ್ಸೆಮ್ಮೆಸ್ ಹೇಳುವುದು ಇಷ್ಟೇ: ಗೂಗಲ್ ಪ್ಲೇಗೆ 299 ರೂಪಾಯಿ ಸಂದಾಯವಾಗಿದೆ. ಯಾವ ಆ್ಯಪಿಗೆ, ಯಾತಕ್ಕೆ, ಯಾವಾಗ ಒಪ್ಪಿಗೆ ಕೊಟ್ಟದ್ದು ಎಂಬ ವಿವರ ಅದರಲ್ಲಿಲ್ಲ. ಓದಿದವರಿಗೆ ಮೊದಲು ಬರುವ ಅನುಮಾನ ಖಾತೆಗೆ ಕಳ್ಳರು ಕೈ ಹಾಕಿದರು ಎಂಬುದು. ಹಲವು ಸಲ ಅಲ್ಲಿ ಕಳ್ಳರೇ ಇರುವುದಿಲ್ಲ. ಎಂದೋ ಒತ್ತಿದ ಒಂದು ಬಟನ್ ಇನ್ನೂ ಕೆಲಸ ಮಾಡುತ್ತಿರುತ್ತದೆ.

ಒಂದು ಉದಾಹರಣೆ ನೋಡೋಣ. ಒಬ್ಬ ಅಂಗಡಿಯವರಿಗೆ ಜಿಎಸ್‌ಟಿ ಕಾಗದಗಳನ್ನು ಪಿಡಿಎಫ್ ಮಾಡಿ ಲೆಕ್ಕಿಗರಿಗೆ ಕಳಿಸಬೇಕು. ಪ್ಲೇ ಸ್ಟೋರಿನಲ್ಲಿ ಸ್ಕ್ಯಾನರ್ ಆ್ಯಪ್ ಒಂದನ್ನು ಹಾಕಿಕೊಳ್ಳುತ್ತಾರೆ. ತೆರೆದ ಕೂಡಲೇ ‘ಮೂರು ದಿನ ಉಚಿತ’ ಎಂಬ ದೊಡ್ಡ ಬಟನ್ ಕಾಣುತ್ತದೆ. ಅದರ ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ‘ಆಮೇಲೆ ವಾರಕ್ಕೆ 299 ರೂಪಾಯಿ’ ಎಂದಿರುತ್ತದೆ. ಬಟನ್ ಒತ್ತಿದರೆ ಯುಪಿಐ ಪರದೆ ಬರುತ್ತದೆ, ಪಿನ್ ಹಾಕುತ್ತಾರೆ. ಆ ದಿನ ಖಾತೆಯಿಂದ ಏನೂ ಹೋಗದ ಕಾರಣ ಅನುಮಾನವೂ ಬರುವುದಿಲ್ಲ. ಕಾಗದ ಕಳಿಸಿದ ಮೇಲೆ ಆ್ಯಪನ್ನು ಅಳಿಸಿ ಮರೆತುಬಿಡುತ್ತಾರೆ. ನಾಲ್ಕನೆಯ ದಿನ 299 ರೂಪಾಯಿ ಹೋಗುತ್ತದೆ, ಮುಂದಿನ ವಾರ ಮತ್ತೆ 299. ಹೀಗೇ ವರ್ಷ ಕಳೆದರೆ 52 ವಾರಕ್ಕೆ 15,548 ರೂಪಾಯಿ. ತಿಂಗಳ ಲೆಕ್ಕದಲ್ಲಿ ಹೇಳಿದ್ದರೆ ಕಣ್ಣಿಗೆ ಬೀಳುತ್ತಿದ್ದ ಮೊತ್ತ ವಾರದ ಲೆಕ್ಕದಲ್ಲಿ ಸಣ್ಣದಾಗಿ ಕಾಣುತ್ತದೆ. ಇಂಥ ಆ್ಯಪುಗಳು ವಾರದ ದರವನ್ನು ಮುಂದಿಡುವುದರಲ್ಲಿ ಈ ಅನುಕೂಲವಿದೆ.

ಆ್ಯಪ್ ಅಳಿಸಿದ ಮೇಲೂ ಹಣ ಹೋದದ್ದೇಕೆ? ಚಂದಾ ಇರುವುದು ಆ್ಯಪಿನೊಳಗಲ್ಲ, ಫೋನಿನಲ್ಲೂ ಅಲ್ಲ. ಅದು ಸ್ಟೋರಿನ ಸರ್ವರಿನಲ್ಲಿ, ಬಳಕೆದಾರರ ಗೂಗಲ್ ಅಥವಾ ಆ್ಯಪಲ್ ಖಾತೆಯ ಹೆಸರಿನಲ್ಲಿರುತ್ತದೆ. ಆ್ಯಪ್ ಮಾಡಿದವರು ಗ್ರಾಹಕರ ಕಾರ್ಡನ್ನಾಗಲಿ ಯುಪಿಐ ಐಡಿಯನ್ನಾಗಲಿ ನೋಡುವುದೇ ಇಲ್ಲ. ಹಣ ವಸೂಲು ಮಾಡುವುದು ಸ್ಟೋರು. ತನ್ನ ಪಾಲನ್ನು ಇಟ್ಟುಕೊಂಡು ಉಳಿದದ್ದನ್ನು ಅವರಿಗೆ ಕೊಡುತ್ತದೆ. ಬ್ಯಾಂಕಿನ ಎಸ್ಸೆಮ್ಮೆಸ್‌ನಲ್ಲಿ ಆ್ಯಪಿನ ಹೆಸರಿನ ಬದಲು ಸ್ಟೋರಿನ ಹೆಸರು ಬರುವುದಕ್ಕೂ ಇದೇ ಕಾರಣ. ಫೋನಿನಿಂದ ಆ್ಯಪ್ ತೆಗೆಯುವುದೆಂದರೆ ಏಜೆಂಟರಿಗೆ ಹೇಳದೆ ಪತ್ರಿಕೆ ಓದುವುದನ್ನು ಬಿಟ್ಟಂತೆ. ಪತ್ರಿಕೆ ಬೀಳುತ್ತಲೇ ಇರುತ್ತದೆ, ಬಿಲ್ಲೂ ಬರುತ್ತದೆ.

ಈ ವ್ಯವಸ್ಥೆಯಲ್ಲಿ ಎರಡು ಬೇರೆ ಬೇರೆ ಒಪ್ಪಿಗೆಗಳಿವೆ ಎಂಬುದನ್ನು ತಿಳಿದುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಮೊದಲನೆಯದು ಸ್ಟೋರಿಗೆ ಕೊಟ್ಟದ್ದು: ಈ ಸೇವೆ ಮುಂದುವರಿಸಿ ಎಂಬ ಚಂದಾ. ಎರಡನೆಯದು ಬ್ಯಾಂಕಿಗೆ ಕೊಟ್ಟದ್ದು: ಸ್ಟೋರು ಕೇಳಿದಾಗ ಹಣ ಕೊಡಿ ಎಂಬ ಮ್ಯಾಂಡೇಟ್. ಯುಪಿಐನಲ್ಲಿ ಇದಕ್ಕೆ ಆಟೋಪೇ ಎನ್ನುತ್ತಾರೆ. ಇದನ್ನು ಎನ್‌ಪಿಸಿಐ ಆರಂಭಿಸಿದ್ದು 2020ರ ಜುಲೈನಲ್ಲಿ. ಗೂಗಲ್ ಪ್ಲೇ ಭಾರತದ ಚಂದಾಗಳಿಗೆ ಇದನ್ನು ಅಳವಡಿಸಿಕೊಂಡದ್ದು 2022ರ ನವೆಂಬರಿನಲ್ಲಿ. ಪಿನ್ ಹಾಕುವ ಆ ಪರದೆಯಲ್ಲಿ ಎಷ್ಟು ದಿನಕ್ಕೊಮ್ಮೆ, ಯಾವ ತಾರೀಖಿನವರೆಗೆ, ಗರಿಷ್ಠ ಎಷ್ಟು ಎಂಬ ಮೂರೂ ಇರುತ್ತವೆ. ಗರಿಷ್ಠ ಮೊತ್ತ ಚಂದಾ ದರಕ್ಕಿಂತ ಹೆಚ್ಚೂ ಇರಬಹುದು. ಎರಡು ನಿಮಿಷ ನಿಂತು ಓದಬೇಕಾದ ಪರದೆಯೆಂದರೆ ಇದೊಂದೇ.

ಕಾರ್ಡುಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕ್ ಮಾಡಿದ ನಿಯಮ ಬಳಕೆದಾರರಿಗೆ ದೊಡ್ಡ ಆಸರೆ. 2021ರ ಅಕ್ಟೋಬರ್ 1ರಿಂದ ಭಾರತದ ಕಾರ್ಡುಗಳಲ್ಲಿ ಪದೇ ಪದೇ ಹಣ ಕಡಿತವಾಗಬೇಕಾದರೆ ಮೊದಲ ಸಲ ಓಟಿಪಿ ಕೊಟ್ಟು ಮ್ಯಾಂಡೇಟ್ ನೋಂದಾಯಿಸಲೇಬೇಕು. ಆಮೇಲೆ ಪ್ರತಿ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಬ್ಯಾಂಕು ಎಸ್ಸೆಮ್ಮೆಸ್ ಅಥವಾ ಇ-ಮೇಲ್ ಕಳಿಸಿ ಯಾರಿಗೆ, ಎಷ್ಟು, ಎಂದು ಎಂಬುದನ್ನು ತಿಳಿಸಬೇಕು. ಬೇಡವೆನಿಸಿದರೆ ಆ ಒಂದು ಕಡಿತವನ್ನೋ ಇಡೀ ಮ್ಯಾಂಡೇಟನ್ನೋ ನಿಲ್ಲಿಸುವ ದಾರಿಯನ್ನು ಬ್ಯಾಂಕು ಕೊಡಬೇಕು. ಇದಕ್ಕೆಲ್ಲ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಮೊತ್ತ ಒಂದು ಮಿತಿಯನ್ನು ದಾಟಿದರೆ ಪ್ರತಿ ಸಲವೂ ಓಟಿಪಿ ಬೇಕು. 5,000 ರೂಪಾಯಿ ಇದ್ದ ಆ ಮಿತಿಯನ್ನು 2022ರ ಜೂನ್‌ನಲ್ಲಿ 15,000ಕ್ಕೆ ಏರಿಸಲಾಯಿತು. ಅದೇ ವರ್ಷದ ಅಕ್ಟೋಬರಿನಿಂದ ಕಾರ್ಡಿನ ಪೂರ್ತಿ ಸಂಖ್ಯೆಯನ್ನು ಸ್ಟೋರುಗಳು ಇಟ್ಟುಕೊಳ್ಳುವಂತೆಯೂ ಇಲ್ಲ. ಅವುಗಳ ಬಳಿ ಇರುವುದು ಟೋಕನ್ ಎಂಬ ಬದಲಿ ಸಂಖ್ಯೆ ಮಾತ್ರ.

ಇಷ್ಟೆಲ್ಲ ಇದ್ದರೂ ಅಂಗಡಿಯವರ ಹಣ ಹೋದದ್ದು ಏಕೆಂದರೆ ಆ 24 ಗಂಟೆಯ ಸೂಚನೆ ದಿನಕ್ಕೆ ಬರುವ ಹತ್ತಾರು ಜಾಹೀರಾತು ಸಂದೇಶಗಳ ನಡುವೆ ಕಳೆದುಹೋಯಿತು. ನಿಯಮ ಚೆನ್ನಾಗಿದೆ, ಆದರೆ ಅದು ಕೆಲಸ ಮಾಡುವುದು ಸೂಚನೆಯನ್ನು ಓದಿದವರಿಗೆ ಮಾತ್ರ.

ನಮ್ಮ ಓಟಿಪಿ ಎಷ್ಟು ದೊಡ್ಡ ತಡೆ ಎಂಬುದು ಅದಿಲ್ಲದ ದೇಶದ ಕತೆ ಕೇಳಿದಾಗ ತಿಳಿಯುತ್ತದೆ. ಅಮೆರಿಕದಲ್ಲಿ ಸ್ಟೋರಿನ ಖಾತೆಗೆ ಒಮ್ಮೆ ಕಾರ್ಡ್ ಸೇರಿಸಿದರೆ ಸಾಕಾಗಿತ್ತು. ಆ್ಯಪಲ್‌ನಲ್ಲಿ ಒಮ್ಮೆ ಪಾಸ್‌ವರ್ಡ್ ಹಾಕಿದರೆ ಮುಂದಿನ 15 ನಿಮಿಷ ಮತ್ತೆ ಕೇಳದೆ ಖರೀದಿ ಮಾಡಬಹುದಿತ್ತು. ಆಟದ ಆ್ಯಪಿಗೆಂದು ಅಪ್ಪ-ಅಮ್ಮ ಪಾಸ್‌ವರ್ಡ್ ಹಾಕಿ ಫೋನ್ ಕೊಟ್ಟರೆ ಮಕ್ಕಳು ಆ ಹೊತ್ತಿನಲ್ಲಿ ನಾಣ್ಯ, ರತ್ನ ಎಂದು ಕೊಳ್ಳುತ್ತಿದ್ದರು. ‘ಟ್ಯಾಪ್ ಪೆಟ್ ಹೋಟೆಲ್’ ಎಂಬ ಆಟದಲ್ಲಿ ಮಗಳು 2,600 ಡಾಲರ್ ಖರ್ಚು ಮಾಡಿದಳು ಎಂದು ಒಬ್ಬರು ದೂರಿದ್ದರು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಜೊತೆಗಿನ ಒಪ್ಪಂದದಂತೆ 2014ರ ಜನವರಿಯಲ್ಲಿ ಆ್ಯಪಲ್ ಕನಿಷ್ಠ 3.25 ಕೋಟಿ ಡಾಲರನ್ನು, ಸೆಪ್ಟೆಂಬರಿನಲ್ಲಿ ಗೂಗಲ್ ಕನಿಷ್ಠ 1.9 ಕೋಟಿ ಡಾಲರನ್ನು ಗ್ರಾಹಕರಿಗೆ ಮರಳಿಸಲು ಒಪ್ಪಿದವು. ನಮ್ಮಲ್ಲಿ ಕಾರ್ಡಿಗೆ ಓಟಿಪಿ, ಯುಪಿಐಗೆ ಪಿನ್ ಇದ್ದರೂ ಒಂದು ಸಂದು ಉಳಿದಿದೆ. ರೀಚಾರ್ಜ್ ಕೋಡ್ ಹಾಕಿ ತುಂಬಿಸಿದ ಗೂಗಲ್ ಪ್ಲೇ ಬ್ಯಾಲೆನ್ಸ್‌ಗೆ ಬ್ಯಾಂಕಿನ ಓಟಿಪಿ ಬೇಕಿಲ್ಲ. ಮಕ್ಕಳ ಕೈಗೆ ಫೋನ್ ಕೊಡುವ ಮನೆಗಳಲ್ಲಿ ಪ್ಲೇ ಸ್ಟೋರಿನ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವಂತೆ ಮಾಡಿಡಬೇಕು.

ಅಂಗಡಿಯವರ ವಿಷಯಕ್ಕೆ ಮರಳೋಣ. ಯಾವ ಆ್ಯಪ್ ಎಂಬುದು ಬ್ಯಾಂಕಿನ ಸಂದೇಶದಲ್ಲಿ ಸಿಗದಿದ್ದರೂ ಇ-ಮೇಲಿನಲ್ಲಿ ಸಿಗುತ್ತದೆ. ಪ್ರತಿ ಕಡಿತಕ್ಕೂ ಗೂಗಲ್ ಒಂದು ರಸೀದಿ ಕಳಿಸುತ್ತದೆ. ಅದರಲ್ಲಿ ಆ್ಯಪಿನ ಹೆಸರೂ GPA ಎಂದು ಶುರುವಾಗುವ ಆರ್ಡರ್ ಸಂಖ್ಯೆಯೂ ಇರುತ್ತವೆ. ಆ ಸಂಖ್ಯೆಯ ಕೊನೆಯನ್ನು ನೋಡಬೇಕು. ..0 ಎಂದಿದ್ದರೆ ಅದು ಮೊದಲ ನವೀಕರಣ, ..1 ಎಂದಿದ್ದರೆ ಎರಡನೆಯದು. ..7 ಕಂಡರೆ ಎಂಟು ಸಲ ನವೀಕರಣವಾಗಿದೆ ಎಂದರ್ಥ. ಒಂಟಿ ಖರೀದಿಯಾಗಿದ್ದರೆ ಈ ಬಾಲ ಇರುವುದಿಲ್ಲ. ಹಾಗಾಗಿ ಒಂದು ರಸೀದಿ ಕೈಯಲ್ಲಿದ್ದರೂ ಎಷ್ಟು ದಿನದಿಂದ ಹಣ ಹೋಗುತ್ತಿದೆ ಎಂದು ಲೆಕ್ಕ ಹಾಕಬಹುದು.

ನಿಲ್ಲಿಸುವುದು ಹೀಗೆ. ಪ್ಲೇ ಸ್ಟೋರ್ ತೆರೆದು ಮೇಲೆ ಬಲಗಡೆ ಇರುವ ತಮ್ಮ ಚಿತ್ರವನ್ನು ಒತ್ತಿ, Payments & subscriptions, ಅದರೊಳಗೆ Subscriptions ಒತ್ತಬೇಕು. ಅಳಿಸಿದ ಆ್ಯಪಿನ ಚಂದಾ ಕೂಡ ಅಲ್ಲಿ ಇರುತ್ತದೆ. ಅದನ್ನು ಆರಿಸಿ Cancel subscription ಒತ್ತಿದರೆ ಕಾರಣ ಕೇಳುತ್ತದೆ. ಯಾವುದಾದರೊಂದನ್ನು ಹೇಳಿ ಮುಂದೆ ಹೋಗಬೇಕು. ಕೊನೆಯಲ್ಲಿ ಇನ್ನೊಮ್ಮೆ ಖಚಿತಪಡಿಸಲು ಕೇಳುತ್ತದೆ, ಅಲ್ಲಿ ಒತ್ತದೆ ಹೊರಬಂದರೆ ಚಂದಾ ಹಾಗೆಯೇ ಉಳಿಯುತ್ತದೆ. ಐಫೋನಿನಲ್ಲಿ Settings ತೆರೆದು ಮೇಲಿರುವ ತಮ್ಮ ಹೆಸರನ್ನು ಒತ್ತಿದರೆ Subscriptions ಸಿಗುತ್ತದೆ. ಅಲ್ಲಿ ರದ್ದು ಮಾಡುವ ಬಟನ್ ಇಲ್ಲದೆ ಮುಗಿಯುವ ತಾರೀಖು ಮಾತ್ರ ಇದ್ದರೆ ಅದು ಈಗಾಗಲೇ ರದ್ದಾಗಿದೆ. ಉಚಿತ ಅವಧಿಯ ಚಂದಾವನ್ನು ಅವಧಿ ಮುಗಿಯುವುದಕ್ಕೆ ಕನಿಷ್ಠ 24 ಗಂಟೆ ಮೊದಲು ನಿಲ್ಲಿಸಬೇಕೆಂದು ಆ್ಯಪಲ್ ಹೇಳುತ್ತದೆ. ಎರಡೂ ಸ್ಟೋರುಗಳಲ್ಲಿ, ರದ್ದು ಮಾಡಿದರೂ ಹಣ ಕೊಟ್ಟ ಅವಧಿ ಮುಗಿಯುವವರೆಗೆ ಸಾಮಾನ್ಯವಾಗಿ ಸೇವೆ ಸಿಗುತ್ತದೆ. ಉಳಿದ ದಿನಗಳ ಹಣ ಮಾತ್ರ ತಾನಾಗಿ ಮರಳುವುದಿಲ್ಲ.

ಪಟ್ಟಿ ಖಾಲಿ ಕಂಡರೆ ಗಾಬರಿಯಾಗಬೇಕಿಲ್ಲ. ಫೋನಿನಲ್ಲಿ ಎರಡು ಜಿಮೇಲ್ ಖಾತೆಗಳಿದ್ದು ಚಂದಾ ಇನ್ನೊಂದರ ಹೆಸರಿನಲ್ಲಿರಬಹುದು. ಆ ಚಿತ್ರದ ಬಳಿಯೇ ಖಾತೆ ಬದಲಿಸಿ ನೋಡಬೇಕು. ಅಲ್ಲೂ ಇಲ್ಲದಿದ್ದರೆ ಚಂದಾ ಕಟ್ಟಿದ್ದು ಆ ಸೇವೆಯ ಸ್ವಂತ ವೆಬ್‌ಸೈಟಿನಲ್ಲಿ ಇರಬಹುದು. ಅಂಥದ್ದು ಸ್ಟೋರಿನ ಪಟ್ಟಿಗೆ ಬರುವುದೇ ಇಲ್ಲ, ಅಲ್ಲಿಗೇ ಹೋಗಿ ನಿಲ್ಲಿಸಬೇಕು.

ಯುಪಿಐ ಆ್ಯಪಿನ ಆಟೋಪೇ ವಿಭಾಗಕ್ಕೆ ಹೋಗಿ ಮ್ಯಾಂಡೇಟನ್ನೇ ರದ್ದು ಮಾಡಿದರೆ ಸಾಲದೇ? ಹಣ ಹೋಗುವುದು ನಿಲ್ಲುತ್ತದೆ, ಆದರೆ ಸ್ಟೋರಿನ ದೃಷ್ಟಿಯಲ್ಲಿ ಚಂದಾ ಜೀವಂತ. ಪಾವತಿ ವಿಫಲವಾಗಿದೆ, ಸರಿಪಡಿಸಿ ಎಂದು ಇ-ಮೇಲುಗಳು ಬರುತ್ತವೆ. ಆ ದಿನಗಳಲ್ಲಿ ಬೇರೆ ಕೆಲಸಕ್ಕೆಂದು ಹೊಸ ಪಾವತಿ ವಿಧಾನ ಸೇರಿಸಿ ಅದಕ್ಕೆ ಒಪ್ಪಿಗೆ ಕೊಟ್ಟರೆ ಚಂದಾ ಮತ್ತೆ ಓಡತೊಡಗಬಹುದು. ಆದ್ದರಿಂದ ಮೊದಲು ಸ್ಟೋರಿನಲ್ಲಿ ಚಂದಾ ನಿಲ್ಲಿಸಿ, ಬಳಿಕ ಆಟೋಪೇ ಪಟ್ಟಿಯಲ್ಲಿ ಮ್ಯಾಂಡೇಟ್ ಉಳಿದಿದೆಯೇ ಎಂದು ನೋಡುವುದು ಸರಿಯಾದ ಕ್ರಮ.

ಹೋದ ಹಣದ ಪ್ರಶ್ನೆ ಬೇರೆ. ಗೂಗಲ್ ಪ್ಲೇಯಲ್ಲಿ ಖರೀದಿಯಾದ 48 ಗಂಟೆಯೊಳಗೆ ಗೂಗಲ್‌ಗೇ ಮರುಪಾವತಿಯ ಕೋರಿಕೆ ಸಲ್ಲಿಸಬಹುದು. ಅದು ದಾಟಿದರೆ ಆ್ಯಪ್ ಮಾಡಿದವರನ್ನೇ ಕೇಳಿ ಎನ್ನುತ್ತದೆ. ಆ್ಯಪಲ್‌ಗೆ reportaproblem.apple.com ಇದೆ. ಅಂಗಡಿಯವರಿಗೆ ಕೊನೆಯ ವಾರದ 299 ರೂಪಾಯಿ ಸಿಗುವ ಸಾಧ್ಯತೆ ಇದೆ; ಹಿಂದಿನ ತಿಂಗಳುಗಳದ್ದು ಸಿಗುವುದು ಕಷ್ಟ. ಈ ಹೊತ್ತಿನಲ್ಲೇ ಅನೇಕರು ಅಂತರ್ಜಾಲದಲ್ಲಿ ‘ಕಸ್ಟಮರ್ ಕೇರ್ ನಂಬರ್’ ಹುಡುಕಿ ವಂಚಕರ ಕೈಗೆ ಬೀಳುತ್ತಾರೆ. ಚಂದಾ ನಿಲ್ಲಿಸಲು ಯಾರಿಗೂ ಫೋನ್ ಮಾಡಬೇಕಿಲ್ಲ, ಓಟಿಪಿ ಹೇಳಬೇಕಿಲ್ಲ, ಪರದೆ ತೋರಿಸುವ ಆ್ಯಪ್ ಹಾಕಿಕೊಳ್ಳಬೇಕಿಲ್ಲ.

ಸುಲಭವಾಗಿ ಸೇರಿಸಿಕೊಂಡು, ಹೊರಬರುವ ದಾರಿಯನ್ನು ಮುಚ್ಚಿಡುವುದು ಈಗ ಭಾರತದಲ್ಲಿ ತಪ್ಪು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ನಿಷಿದ್ಧವೆಂದು ಹೆಸರಿಸಿದ 13 ತಂತ್ರಗಳಲ್ಲಿ ಚಂದಾ ಬಲೆಯೂ ಒಂದು. ಅಂಥ ಆ್ಯಪ್ ಕಂಡರೆ ಅದರ ಪರದೆಯ ಚಿತ್ರ, ರಸೀದಿ ಮತ್ತು ಆರ್ಡರ್ ಸಂಖ್ಯೆಯನ್ನು ಇಟ್ಟುಕೊಂಡು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಿ.