299ರ ರೀಚಾರ್ಜಿಗೆ ಅನ್‌ಲಿಮಿಟೆಡ್ 5ಜಿ ಯಾಕೆ ಸಿಗಲ್ಲ?

5ಜಿ ಫೋನ್ ಇದ್ದರೂ ನೆಟ್ ಬೇಗ ಮುಗೀತದೆ ಅನ್ನುವವರು ಮೊದಲು ತಮ್ಮ ಪ್ಲ್ಯಾನ್ ನೋಡಬೇಕು. 2024ರ ಜುಲೈ 3ರಿಂದ ಜಿಯೋ ಮತ್ತು ಏರ್‌ಟೆಲ್ ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ಹೆಚ್ಚಿನ ಪ್ಲ್ಯಾನ್‌ಗಳಿಗೆ ಮಾತ್ರ ಅನ್‌ಲಿಮಿಟೆಡ್ 5ಜಿ ಎಂದು ನಿಯಮ ಮಾಡಿದವು. ಆಗಿನ ಜಿಯೋ ದರದಲ್ಲಿ 28 ದಿನಕ್ಕೆ 299 ಕೊಟ್ಟರೆ ದಿನಕ್ಕೆ ಒಂದೂವರೆ ಜಿಬಿ ಅಷ್ಟೇ. 349 ಕೊಟ್ಟರೆ 2 ಜಿಬಿ, ಜೊತೆಗೆ 5ಜಿ.

ಕಾರಣ ಲೆಕ್ಕದ್ದೇ. 2022ರ ಹರಾಜಿನಲ್ಲಿ ತರಂಗಾಂತರಕ್ಕೆ ಜಿಯೋ ಒಂದೇ 88,078 ಕೋಟಿ ರೂಪಾಯಿ ಬಿಡ್ ಮಾಡಿತ್ತು. ಆ ಹಣ ವಾಪಸ್ ಬರಬೇಕಾದರೆ ಪ್ರತಿ ಗ್ರಾಹಕನಿಂದ ಬರುವ ಆದಾಯ ಏರಬೇಕು.

ಇನ್ನು ಫೋನ್. ಜಿಯೋದ 5ಜಿ 4ಜಿಯನ್ನು ಅವಲಂಬಿಸದೆ ಸ್ವತಂತ್ರವಾಗಿ ನಡೆಯುವಂಥದ್ದು. ಇದಕ್ಕೆ ಫೋನಿನಲ್ಲಿ n78 ಅಥವಾ n28 ಬ್ಯಾಂಡ್ ಜೊತೆಗೆ SA ಬೆಂಬಲವೂ ಬೇಕು. ಅದಿಲ್ಲದ ಫೋನ್ ಜಿಯೋದಲ್ಲಿ 4ಜಿಯನ್ನೇ ತೋರಿಸ್ತದೆ. ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ, ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ 5ಜಿಗೆ ಹಾಕಿ ನೋಡಿ. 4ಜಿ ಸಿಮ್ ಸಾಕು, ಬದಲಿಸಬೇಕಿಲ್ಲ.

ಒಂದು ಮಾತು ನೆನಪಿರಲಿ: 5ಜಿ ಸಿಗ್ನಲ್ ಇರುವಷ್ಟು ಹೊತ್ತು ಮಾತ್ರ ಅನ್‌ಲಿಮಿಟೆಡ್. 4ಜಿಗೆ ಇಳಿದ ಕೂಡಲೇ ದಿನದ 2 ಜಿಬಿ ಕರಗಲು ಶುರು. ಮನೆಯಲ್ಲೂ ಅಂಗಡಿಯಲ್ಲೂ 4ಜಿ ಮಾತ್ರ ಬರುವವರಿಗೆ ಆ 50 ರೂಪಾಯಿಗೆ ಸಿಗೋದು ದಿನಕ್ಕೆ ಅರ್ಧ ಜಿಬಿ ಹೆಚ್ಚು, ಅಷ್ಟೇ.